ಲೋಟದೊಳಗಿನ ಬೆಳ್ಳಿ ಕನ್ನಡಿ

ಗಾಜಿನ ಲೋಟಕ್ಕೆ ನೀರು ತುಂಬಿ, ಕಣ್ಣಿಗಿಂತ ಸ್ವಲ್ಪ ಮೇಲೆ ಹಿಡಿಯಿರಿ. ಪಕ್ಕದಿಂದ ಓರೆಯಾಗಿ ನೋಡಿದರೆ ನೀರಿನ ಮೇಲ್ಮೈ ಬೆಳ್ಳಿಯಂತೆ ಹೊಳೆಯುತ್ತದೆ, ಅಲ್ವಾ?

ನೀರಿನಿಂದ ಗಾಳಿಗೆ ಹೊರಡುವ ಬೆಳಕು ಲಂಬರೇಖೆಯಿಂದ ದೂರಕ್ಕೆ ಬಾಗುತ್ತದೆ. ಎಷ್ಟು? ಒಳಗಿನ ಕೋನದ ಸೈನ್ ಬೆಲೆಯನ್ನು ನೀರಿನ ವಕ್ರೀಭವನ ಸೂಚ್ಯಂಕ 1.33ರಿಂದ ಗುಣಿಸಿ, ಹೊರಗಿನ ಕೋನದ ಸೈನ್ ಸಿಗುತ್ತದೆ. 30 ಡಿಗ್ರಿಯ ಸೈನ್ 0.5. ಗುಣಿಸಿದರೆ 0.665, ಅಂದರೆ ಹೊರಗೆ ಸುಮಾರು 42 ಡಿಗ್ರಿ.

ಒಳಗೆ ಸುಮಾರು 49 ಆದಾಗ ಹೊರಗೆ 90. ಕಿರಣ ಮೇಲ್ಮೈಗೆ ಅಂಟಿಕೊಂಡೇ ಸಾಗುತ್ತದೆ. ಇದೇ ಕ್ರಾಂತಿಕ ಕೋನ.

60 ಡಿಗ್ರಿಗೆ ಲೆಕ್ಕ 1.15 ಬರುತ್ತದೆ. ಆದರೆ ಯಾವ ಕೋನದ ಸೈನ್ ಕೂಡ 1 ದಾಟುವುದಿಲ್ಲ! ಹೊರದಾರಿಯೇ ಇಲ್ಲದ ಬೆಳಕು ಪೂರ್ತಿಯಾಗಿ ನೀರಿಗೇ ಮರಳುತ್ತದೆ. ನೀವು ಕಂಡ ಬೆಳ್ಳಿ ಅದೇ.

ಗಾಳಿಯಿಂದ ನೀರಿಗಿಳಿಯುವ ಬೆಳಕಿಗೆ ಈ ತಡೆ ಇಲ್ಲ.