ಗೆಳೆಯನಿಗೊಂದು ರೆಫರಲ್ ಟಿಪ್ಪಣಿ

ಕಂಪನಿಯ ನೌಕರರು ಪರಿಚಯದವರ ರೆಸ್ಯೂಮೆ ಜೊತೆ ನೇಮಕಾತಿ ವಿಭಾಗಕ್ಕೆ ಕಳಿಸುವ ನಾಲ್ಕಾರು ಸಾಲುಗಳೇ ರೆಫರಲ್ ಟಿಪ್ಪಣಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದು ಸಾಮಾನ್ಯವಾಗಿ ಒಳಗಿನ ಪೋರ್ಟಲ್ ಮೂಲಕ, ಹುದ್ದೆಯ ಜಾಬ್ ಐಡಿಯೊಂದಿಗೆ ಹೋಗುತ್ತದೆ. ಅಭ್ಯರ್ಥಿ ಅದಕ್ಕೂ ಮೊದಲೇ ತಾನಾಗಿ ಅರ್ಜಿ ಹಾಕಿದ್ದರೆ ಹಲವು ಕಡೆ ರೆಫರಲ್ ಲೆಕ್ಕಕ್ಕೆ ಬರುವುದಿಲ್ಲ.

ಪ್ರಕಟಣೆಯಲ್ಲಿ ಹತ್ತಾರು ಅರ್ಹತೆಗಳಿದ್ದರೂ ನಿಜವಾಗಿ ತೂಕವಿರುವುದು ಎರಡು ಮೂರಕ್ಕೆ. ಹುದ್ದೆಯೊಂದಕ್ಕೆ 4 ವರ್ಷದ ಜಾವಾ ಅನುಭವ, ಡೇಟಾಬೇಸ್ ವೇಗ ಹೆಚ್ಚಿಸುವ ಪರಿಣತಿ, ಆನ್‌ಕಾಲ್ ಪಾಳಿ ಬೇಕಾಗಿದೆ ಎನ್ನೋಣ. ಟಿಪ್ಪಣಿ ಹೀಗಿರಬಹುದು:

“ಹಿಂದಿನ ಕಂಪನಿಯಲ್ಲಿ ನಾವಿಬ್ಬರೂ 2 ವರ್ಷ ಒಂದೇ ತಂಡದಲ್ಲಿದ್ದೆವು. ಇವರಿಗೆ ಜಾವಾದಲ್ಲಿ 5 ವರ್ಷದ ಅನುಭವವಿದೆ. ರೆಸ್ಯೂಮೆಯ ಮೊದಲ ಪುಟದ ಬಿಲ್ಲಿಂಗ್ ಪ್ರಾಜೆಕ್ಟ್‌ನಲ್ಲಿ, 40 ನಿಮಿಷ ಹಿಡಿಯುತ್ತಿದ್ದ ವರದಿಯನ್ನು ಹೊಸ ಇಂಡೆಕ್ಸ್ ಹಾಕಿ 6 ನಿಮಿಷಕ್ಕೆ ಇಳಿಸಿದ್ದನ್ನು ನಾನೇ ನೋಡಿದ್ದೇನೆ. ಆನ್‌ಕಾಲ್ ಪಾಳಿ ಮಾಡಿಲ್ಲ, ಮಾಡಲು ಒಪ್ಪಿದ್ದಾರೆ.”

ಇಲ್ಲಿ ಪರಿಚಯ ಎಷ್ಟು ಹತ್ತಿರದ್ದೆಂದು ಮೊದಲ ಸಾಲೇ ಹೇಳಿಬಿಡುತ್ತದೆ. ಕಣ್ಣಾರೆ ಕಂಡದ್ದು ಯಾವುದು, ರೆಸ್ಯೂಮೆಯಿಂದ ಎತ್ತಿದ್ದು ಯಾವುದು ಎಂಬುದೂ ಬೇರೆಯಾಗಿ ತಿಳಿಯುತ್ತದೆ. ಇಲ್ಲದ ಅನುಭವವನ್ನು ಇಲ್ಲವೆಂದೇ ಬರೆದದ್ದು ಉಳಿದ ಮಾತಿಗೆ ಬಲ ಕೊಡುತ್ತದೆ. ರೆಫರ್ ಮಾಡಿದವರು ಕೆಲಸಕ್ಕೆ ಸೇರಿದರೆ ಬೋನಸ್ ಸಿಗುವ ಪದ್ಧತಿ ಬಹಳ ಕಡೆ ಇರುವುದರಿಂದ, “ತುಂಬ ಪ್ರತಿಭಾವಂತ” ಎಂಬಂಥ ಬರೀ ಹೊಗಳಿಕೆಯನ್ನು ನೇಮಕಾತಿಯವರು ಅನುಮಾನದಿಂದಲೇ ಓದುತ್ತಾರೆ, ಅದು ಸಹಜವೂ ಹೌದು.

ಟಿಪ್ಪಣಿಯ ಅಂಕಿಗಳು ರೆಸ್ಯೂಮೆಗೆ ತಾಳೆಯಾಗಬೇಕು. ಒಂದರಲ್ಲಿ 5 ವರ್ಷ, ಇನ್ನೊಂದರಲ್ಲಿ ಮೂರೂವರೆ ಎಂದಿದ್ದರೆ ಸಂದರ್ಶನದ ಮೊದಲ ಪ್ರಶ್ನೆಯೇ ಅದಾಗುತ್ತದೆ. ಕಳಿಸುವ ಮುನ್ನ ಗೆಳೆಯನಿಗೊಮ್ಮೆ ತೋರಿಸಿದರೆ ಇಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.