ಕೂತುಹೋದ ಸ್ಪ್ರಿಂಗ್‌ನ ಲೆಕ್ಕ

ಹಳೆಯ ಸ್ಪ್ರಿಂಗ್ ಹಿಡಿದು ಅಂಗಡಿಗೆ ಹೋಗಿ ‘ಇಂಥದ್ದೇ ಒಂದು ಕೊಡಿ’ ಎಂದರೆ, ಅವರು ಅದರ ಉದ್ದ ಅಳೆದು ಅಷ್ಟೇ ಉದ್ದದ ಇನ್ನೊಂದನ್ನು ಹುಡುಕಿ ಕೊಡುತ್ತಾರೆ. ತಂದು ಹಾಕಿದರೆ ಮೊದಲಿನ ತೊಂದರೆಯೇ ಮುಂದುವರಿಯುತ್ತದೆ. ಒತ್ತಿದಾಗ ಕುಗ್ಗುವ ಕಂಪ್ರೆಷನ್ ಸ್ಪ್ರಿಂಗ್ ಬಹುಕಾಲ ದುಡಿದ ಮೇಲೆ ತುಸು ಕೂತುಹೋಗಿರುತ್ತದೆ. ಈಗ ಕಾಣುವ ಉದ್ದ ಅದರ ಹುಟ್ಟಿನ ಉದ್ದವಲ್ಲ. ಆದರೆ ತಂತಿಯ ದಪ್ಪ ಮತ್ತು ಸುತ್ತುಗಳ ಸಂಖ್ಯೆ ಎಷ್ಟು ವರ್ಷವಾದರೂ ಬದಲಾಗುವುದಿಲ್ಲ. ಲೆಕ್ಕವನ್ನು ಅಲ್ಲಿಂದ ಹಿಡಿಯಬೇಕು.

ಒಂದು ಉದಾಹರಣೆ ನೋಡೋಣ. ವರ್ಕ್‌ಶಾಪಿನ ಸಣ್ಣ ಕೈ ಪ್ರೆಸ್‌ನಲ್ಲಿ ಹಿಡಿಯನ್ನು ಒತ್ತಿ ಬಿಟ್ಟಾಗ ಅದನ್ನು ಮೇಲಕ್ಕೆತ್ತುವ ಸ್ಪ್ರಿಂಗ್ ಇದೆ. ಈಚೆಗೆ ಹಿಡಿ ಪೂರ್ತಿ ಮೇಲೆ ಬರದೆ, ಕೊನೆಯಲ್ಲಿ ಚೂರು ಬಾಕಿ ಇರುವಾಗಲೇ ನಿಂತುಬಿಡುತ್ತದೆ. ಬಿಚ್ಚಿ ಅಳೆದರೆ ಸ್ಪ್ರಿಂಗ್ 42 ಮಿ.ಮೀ. ಇದೆ. ಹೊರ ಅಗಲ 18 ಮಿ.ಮೀ., ತಂತಿ 2 ಮಿ.ಮೀ., ಒಟ್ಟು ಸುತ್ತು 10. ಎರಡೂ ತುದಿಗಳಲ್ಲಿ ಒಂದೊಂದು ಸುತ್ತು ಪಕ್ಕದ ಸುತ್ತಿಗೆ ಅಂಟಿಕೊಂಡಿದೆ. ಸ್ಪ್ರಿಂಗ್ ನೆಟ್ಟಗೆ ನಿಲ್ಲಲೆಂದು ತುದಿಗಳನ್ನು ಚಪ್ಪಟೆಯಾಗಿ ಗ್ರೈಂಡ್ ಮಾಡಿದ್ದಾರೆ.

ಸುತ್ತು ಎಣಿಸುವಾಗ ತಂತಿಯ ತುದಿ ಇರುವ ಜಾಗದಿಂದ ಕೆಳಗಿನವರೆಗೆ ಚಾಕ್‌ಪೀಸಿನಲ್ಲಿ ನೇರ ಗೆರೆ ಎಳೆದುಕೊಳ್ಳಿ. ತಂತಿ ಒಂದು ಬಾರಿ ಸುತ್ತಿ ಬಂದು ಮತ್ತೆ ಗೆರೆ ದಾಟಿದರೆ ಒಂದು ಸುತ್ತು. ಕೊನೆ ಗೆರೆಯ ಎದುರು ಬದಿಯಲ್ಲಿ ಮುಗಿದರೆ ಅರ್ಧ ಸುತ್ತು ಹೆಚ್ಚು. ತಂತಿಯ ದಪ್ಪ ಅಳೆಯುವ ಮುನ್ನ ಬಣ್ಣ, ತುಕ್ಕು ಕೆರೆದು ತೆಗೆಯಿರಿ. ಬಣ್ಣದಿಂದಾಗಿ ತಂತಿ 2ರ ಬದಲು 2.1 ಎಂದು ಓದಿಬಿಟ್ಟರೆ ಹತ್ತು ಸುತ್ತಿಗೆ 1 ಮಿ.ಮೀ. ತಪ್ಪುತ್ತದೆ. ಮುಂದೆ ಬರುವ ಬಲದ ಲೆಕ್ಕವಂತೂ ಶೇ. 20ಕ್ಕೂ ಹೆಚ್ಚು ಏರಿಬಿಡುತ್ತದೆ.

ಈ ಎರಡೇ ಅಂಕಿಗಳಿಂದ ಪೂರ್ತಿಯಾಗಿ ಸಿಗುವ ಅಳತೆ ಸಾಲಿಡ್ ಹೈಟ್. ಸುತ್ತುಗಳೆಲ್ಲ ಒಂದಕ್ಕೊಂದು ಅಂಟುವಂತೆ ಅದುಮಿದಾಗ ಉಳಿಯುವ ಎತ್ತರ ಅದು. ಒಂದರ ಮೇಲೊಂದು ಬಳೆ ಜೋಡಿಸಿದ ಹಾಗೆ, ತಂತಿಯ ದಪ್ಪವನ್ನು ಒಟ್ಟು ಸುತ್ತಿನಿಂದ ಗುಣಿಸಿದರಾಯಿತು:

ಸಾಲಿಡ್ ಹೈಟ್ = 2 × 10 = 20 ಮಿ.ಮೀ.

ಗ್ರೈಂಡ್ ಮಾಡದ ಸ್ಪ್ರಿಂಗ್ ಆಗಿದ್ದರೆ ಇದಕ್ಕೆ ಇನ್ನೊಂದು ತಂತಿಯ ದಪ್ಪ ಸೇರಿಸಬೇಕು. ತಂತಿಯನ್ನು ಒಂದೇ ಒಂದು ಸುತ್ತು ಸುತ್ತಿ ನೋಡಿದರೆ ಕಾರಣ ತಿಳಿಯುತ್ತದೆ. ಶುರುವಾದ ತುದಿಯ ಮೇಲೆ ಕೊನೆಯ ತುದಿ ಬಂದು ಕೂರುತ್ತದೆ, ಅಲ್ಲಿ ಎರಡು ತಂತಿಯ ದಪ್ಪವಿರುತ್ತದೆ. ಹಾಗೆಯೇ ಹತ್ತು ಸುತ್ತಿಗೆ ಹನ್ನೊಂದು ದಪ್ಪ, ಅಂದರೆ 22 ಮಿ.ಮೀ. ಗ್ರೈಂಡಿಂಗ್ ಮಾಡುವಾಗ ಎರಡೂ ತುದಿಗಳಲ್ಲಿ ಸುಮಾರು ಅರ್ಧರ್ಧ ದಪ್ಪ ಸವೆದುಹೋಗುವುದರಿಂದ ಅದು 20ಕ್ಕೆ ಇಳಿಯುತ್ತದೆ. ಸ್ಪ್ರಿಂಗ್ ಕೂತುಹೋದರೂ ಈ ಎತ್ತರ ಬದಲಾಗದು.

ಏನೂ ಒತ್ತದೆ ಸುಮ್ಮನೆ ಇಟ್ಟಾಗಿನ ಉದ್ದ, ಅಂದರೆ ಫ್ರೀ ಲೆಂತ್, ಇಷ್ಟರಿಂದಲೇ ಸಿಗುವುದಿಲ್ಲ. ಅದಕ್ಕೆ ಪಿಚ್ ಬೇಕು: ಒಂದು ಸುತ್ತಿನ ತಂತಿಯ ನಡುವಿನಿಂದ ಮುಂದಿನ ಸುತ್ತಿನ ತಂತಿಯ ನಡುವಿಗೆ ಇರುವ ದೂರ. ತುದಿಯ ಎರಡು ಸುತ್ತುಗಳು ಅಂಟಿಕೊಂಡೇ ಇರುವುದರಿಂದ ಕುಗ್ಗುವ ಕೆಲಸ ಅವುಗಳದ್ದಲ್ಲ. ದುಡಿಯುವ ಸುತ್ತುಗಳು ಎಂಟು. ನಮ್ಮಂಥ ತುದಿಗಳಿದ್ದರೆ ಸೂತ್ರ ಹೀಗೆ:

ಫ್ರೀ ಲೆಂತ್ = (ಪಿಚ್ × ದುಡಿಯುವ ಸುತ್ತು) + (2 × ತಂತಿಯ ದಪ್ಪ)

ಗ್ರೈಂಡ್ ಮಾಡದಿದ್ದರೆ ಕೊನೆಯ 2ರ ಜಾಗದಲ್ಲಿ 3. ಆದರೆ ಹಳೆಯ ಸ್ಪ್ರಿಂಗ್‌ನಲ್ಲಿ ಪಿಚ್ ಅಳೆದು ಪ್ರಯೋಜನವಿಲ್ಲ, ಏಕೆಂದರೆ ಕೂತುಹೋದದ್ದೇ ಪಿಚ್. ಇಲ್ಲಿ ಲೆಕ್ಕವನ್ನು ತಿರುಗಿಸಿ, ಸ್ಪ್ರಿಂಗ್ ಎಷ್ಟು ಬಲ ಕೊಡಬೇಕು ಎಂಬಲ್ಲಿಂದ ಫ್ರೀ ಲೆಂತ್‌ಗೆ ಬರಬೇಕು.

ಸ್ಪ್ರಿಂಗ್‌ನ ಗಡಸನ್ನು, ಅಂದರೆ 1 ಮಿ.ಮೀ. ಕುಗ್ಗಿಸಲು ಎಷ್ಟು ಬಲ ಬೇಕೆಂಬುದನ್ನು, ಈ ಸೂತ್ರ ಹೇಳುತ್ತದೆ:

k = G × d⁴ ÷ (8 × D³ × n)

d ತಂತಿಯ ದಪ್ಪ. n ದುಡಿಯುವ ಸುತ್ತು. D ಎಂದರೆ ಹೊರ ಅಗಲದಲ್ಲಿ ಒಂದು ತಂತಿಯ ದಪ್ಪ ಕಳೆದದ್ದು, ಇಲ್ಲಿ 16. G ಲೋಹದ ಗುಣ, ಸ್ಪ್ರಿಂಗ್ ಉಕ್ಕಿಗೆ ಚದರ ಮಿ.ಮೀ.ಗೆ ಸುಮಾರು 79,000 ನ್ಯೂಟನ್. ಲೆಕ್ಕ ಹಾಕಿದರೆ ಸುಮಾರು 4.8 ನ್ಯೂಟನ್, ನಮ್ಮ ತೂಕದ ಭಾಷೆಯಲ್ಲಿ 0.49 ಕಿಲೋ. ಸೂತ್ರದ ಮೇಲೆ ನಂಬಿಕೆ ಬಾರದಿದ್ದರೆ ಸ್ಪ್ರಿಂಗನ್ನು ತೂಕದ ಯಂತ್ರದ ಮೇಲಿಟ್ಟು 10 ಮಿ.ಮೀ. ಒತ್ತಿ. ಮುಳ್ಳು 5 ಕಿಲೋದ ಆಸುಪಾಸು ನಿಲ್ಲಬೇಕು.

ಈಗ ವರ್ಕಿಂಗ್ ಲೆಂತ್. ಇದು ಸ್ಪ್ರಿಂಗ್ ಕೂರುವ ಜಾಗದಿಂದ ಬರುವ ಅಳತೆ. ಪ್ರೆಸ್‌ನಲ್ಲಿ ಹಿಡಿ ಮೇಲಿದ್ದಾಗ ಸ್ಪ್ರಿಂಗ್‌ಗೆ ಉಳಿಯುವ ಜಾಗ 38 ಮಿ.ಮೀ., ಪೂರ್ತಿ ಒತ್ತಿದಾಗ 26. ಸ್ಪ್ರಿಂಗ್ ಬಿಚ್ಚಿ, ಮೇಲೇಳಬೇಕಾದ ಭಾಗವನ್ನು ನೇತುಹಾಕುವ ತಕ್ಕಡಿಯಲ್ಲಿ ಎತ್ತಿ ನೋಡಿದರೆ ಎರಡೂವರೆ ಕಿಲೋ ತೋರಿಸಿತು ಎನ್ನಿ. ಉಜ್ಜಾಟಕ್ಕೆ ಅರ್ಧ ಕಿಲೋ ಸೇರಿಸಿದರೆ 38ರಲ್ಲಿ ಸ್ಪ್ರಿಂಗ್ 3 ಕಿಲೋ ಬಲ ಕೊಡಬೇಕು. ಹಳೆಯದು 42ರಿಂದ 38ಕ್ಕೆ ಬಂದಾಗ ಕುಗ್ಗುವುದು 4 ಮಿ.ಮೀ. ಮಾತ್ರ, ಕೊಡುವ ಬಲ 2 ಕಿಲೋಗಿಂತ ತುಸು ಕಡಿಮೆ. ಹಿಡಿ ಅರ್ಧಂಬರ್ಧ ನಿಲ್ಲುವುದಕ್ಕೆ ಇದೇ ಕಾರಣ. 3 ಕಿಲೋ ಬೇಕಾದರೆ ಸುಮಾರು 6 ಮಿ.ಮೀ. ಕುಗ್ಗಬೇಕು. ಹಾಗಾಗಿ ಫ್ರೀ ಲೆಂತ್ 38 + 6 = 44 ಮಿ.ಮೀ. ಇನ್ನು ಪಿಚ್ ತಾನಾಗಿ ಸಿಗುತ್ತದೆ: 44ರಲ್ಲಿ 4 ಕಳೆದು 8ರಿಂದ ಭಾಗಿಸಿದರೆ 5 ಮಿ.ಮೀ. ಬರೀ 2 ಮಿ.ಮೀ. ಕೂತದ್ದಕ್ಕೆ ಮೇಲಿನ ತುದಿಯಲ್ಲಿ ಮೂರನೇ ಒಂದು ಪಾಲು ಬಲ ಹೋಗಿತ್ತು.

ಕೆಳಗಿನ ತುದಿಯನ್ನೂ ನೋಡಬೇಕು. 44ರಿಂದ 20ರವರೆಗೆ ಸ್ಪ್ರಿಂಗ್ ಒಟ್ಟು 24 ಮಿ.ಮೀ. ಕುಗ್ಗಬಲ್ಲದು, ಆದರೆ ಅಷ್ಟನ್ನೂ ಬಳಸಿಕೊಳ್ಳುವಂತಿಲ್ಲ. ಸುತ್ತುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿರುವುದಿಲ್ಲ; ಕೆಲವು ಮೊದಲೇ ಮುಟ್ಟಿ ಒಂದನ್ನೊಂದು ಬಡಿಯುತ್ತವೆ. ಆದ್ದರಿಂದ ಕುಗ್ಗುವಿಕೆಯಲ್ಲಿ ಶೇ. 15ರಷ್ಟನ್ನು ಮುಟ್ಟದೆ ಬಿಡುವುದು ರೂಢಿ. ಇಲ್ಲಿ ಅದು 3.6 ಮಿ.ಮೀ., ಅಂದರೆ 23.6ಕ್ಕಿಂತ ಕೆಳಗೆ ಒತ್ತಬಾರದು. ನಮ್ಮದು 26ರಲ್ಲಿ ನಿಲ್ಲುವುದರಿಂದ ಚಿಂತೆಯಿಲ್ಲ. ಬಿಚ್ಚಿದ ಸ್ಪ್ರಿಂಗ್‌ನ ಸುತ್ತುಗಳ ಸಂದಿಯಲ್ಲಿ ಉಜ್ಜಿ ಹೊಳೆಯುವ ಗುರುತುಗಳು ಕಂಡರೆ ಮಾತ್ರ ಅದು ಈ ಗೆರೆ ದಾಟಿ ಕೆಲಸ ಮಾಡಿದೆ ಎಂದು ತಿಳಿಯಿರಿ.

‘ಬಲ ಸಾಲದಿದ್ದರೆ ಇನ್ನೂ ಉದ್ದದ್ದು ಹಾಕೋಣ’ ಎಂಬ ಉಪಾಯ ಎಡವುವುದೂ ಇಲ್ಲೇ. ಅದೇ ತಂತಿ, ಅದೇ ಪಿಚ್, ಆದರೆ 12 ಸುತ್ತಿನ ಸ್ಪ್ರಿಂಗ್ ತಂದರೆ ಫ್ರೀ ಲೆಂತ್ 54 ಆಗುತ್ತದೆ, ಜೊತೆಗೆ ಸಾಲಿಡ್ ಹೈಟ್ ಕೂಡ 24ಕ್ಕೆ ಏರುತ್ತದೆ. 26ರವರೆಗೆ ಒತ್ತಿದಾಗ ಉಳಿಯುವುದು ಬರೀ 2 ಮಿ.ಮೀ.; ಇರಬೇಕಾದದ್ದು ನಾಲ್ಕೂವರೆ. ಉದ್ದದ ಸ್ಪ್ರಿಂಗನ್ನು ಕತ್ತರಿಸಿ ಹಾಕಿದರೂ ಲೆಕ್ಕ ಕೆಡುತ್ತದೆ. ಅಂಟಿದ ತುದಿ ಹೋಗಿ ಸ್ಪ್ರಿಂಗ್ ವಾಲುತ್ತದೆ, ದುಡಿಯುವ ಸುತ್ತು ಕಡಿಮೆಯಾದಷ್ಟೂ ಅದು ಗಡಸಾಗುತ್ತದೆ. ಹೊಸದನ್ನು ಮಾಡಿಸುವಾಗ ಹಳೆಯ ತುಂಡಿನ ಜೊತೆ ಒಂದು ಚೀಟಿಯನ್ನೂ ಕೊಡಿ: ತಂತಿ 2, ಹೊರ ಅಗಲ 18, ಒಟ್ಟು ಸುತ್ತು 10, ತುದಿ ಅಂಟಿಸಿ ಗ್ರೈಂಡ್ ಮಾಡಿದ್ದು, ಫ್ರೀ ಲೆಂತ್ 44, ಮತ್ತು 38ರಲ್ಲಿ 3 ಕಿಲೋ. ತಂದ ಸ್ಪ್ರಿಂಗ್ ಸರಿಯಿದೆಯೇ ಎಂದು ನೋಡಲು ಕೊನೆಯ ಅಂಕಿ ಸಾಕು. ತೂಕದ ಯಂತ್ರದ ಮೇಲಿಟ್ಟು 38 ಮಿ.ಮೀ.ವರೆಗೆ ಒತ್ತಿ, ಮುಳ್ಳು ಎಲ್ಲಿ ನಿಂತಿದೆ ನೋಡಿ.