ವಿಶ್ವೇಶ್ವರಯ್ಯನವರ ಪಾಠ: ಎರಡು ಅಂಕಕ್ಕೆ ಎಷ್ಟು, ಹತ್ತು ಅಂಕಕ್ಕೆ ಎಷ್ಟು?

ಪರೀಕ್ಷೆ ಹತ್ತಿರ ಬಂತೆಂದರೆ ದ್ವಿತೀಯ ಪಿಯುಸಿ ಇತಿಹಾಸದ ವಿದ್ಯಾರ್ಥಿಗಳು ಪಠ್ಯಪುಸ್ತಕವನ್ನು ಬದಿಗಿಟ್ಟು ಪ್ರಶ್ನೆಕೋಶ ಹಿಡಿಯುತ್ತಾರೆ. ಒಂದು ಅಂಕದವು, ಎರಡು ಅಂಕದವು, ಐದು ಮತ್ತು ಹತ್ತು ಅಂಕದವು ಎಂದು ವಿಂಗಡಿಸಿದ ಪ್ರಶ್ನೆಗಳಿರುತ್ತವೆ. ಪ್ರತಿ ಪ್ರಶ್ನೆಯ ಕೆಳಗೆ ಉತ್ತರದ ಮುಖ್ಯಾಂಶಗಳ ಪಟ್ಟಿಯಿರುತ್ತದೆ. ಆ ಪಟ್ಟಿಯನ್ನೇ ಬಾಯಿಪಾಠ ಮಾಡಿದರೆ ಸಾಕು ಎಂದು ಬಹಳ ಮಕ್ಕಳು ನಂಬಿದ್ದಾರೆ. ಆದರೆ ಮುಖ್ಯಾಂಶಗಳ ಪಟ್ಟಿ ಉತ್ತರವಲ್ಲ, ಉತ್ತರ ಹಬ್ಬಬೇಕಾದ ಹಂದರ. ಪ್ರಶ್ನೆ ಬದಲಾದಂತೆ ಅದೂ ಬದಲಾಗಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಒಂದೇ ಪಾಠದಿಂದ ಮೂರು ಪ್ರಶ್ನೆಗಳನ್ನು ತೆಗೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಎರಡು ಅಂಕದ ಪ್ರಶ್ನೆ

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಆರಂಭವಾದ ಎರಡು ಉನ್ನತ ಶಿಕ್ಷಣ ಸಂಸ್ಥೆಗಳನ್ನು ಹೆಸರಿಸಿ.

ಮುಖ್ಯಾಂಶ: ಮೈಸೂರು ವಿಶ್ವವಿದ್ಯಾಲಯ (1916), ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು (1917).

ಇಲ್ಲಿ ಪೀಠಿಕೆ ಬೇಡ, ಹೊಗಳಿಕೆಯೂ ಬೇಡ. ಒಂದೊಂದು ಹೆಸರಿಗೆ ಒಂದೊಂದು ಅಂಕ. ಪ್ರಶ್ನೆ ಪರೀಕ್ಷಿಸುವುದು ‘ದಿವಾನರಾಗಿದ್ದಾಗ’ ಎಂಬ ಗಡಿಯನ್ನು. ಅವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ಬರೆದರೆ ಅಂಕ ಹೋಗುತ್ತದೆ, ಏಕೆಂದರೆ ಅದು ಸ್ಥಾಪನೆಯಾದದ್ದು 1909ರಲ್ಲಿ, ಟಾಟಾ ಮನೆತನದ ಕೊಡುಗೆಯಿಂದ. ಚಿಕ್ಕ ಪ್ರಶ್ನೆಗೆ ಅಂಕ ತಪ್ಪುವುದು ಬಹುಮಟ್ಟಿಗೆ ವಿಷಯ ಗೊತ್ತಿಲ್ಲದೆ ಅಲ್ಲ, ಹೀಗೆ ಕಾಲದ ಗಡಿ ಮೀರುವುದರಿಂದ.

ಐದು ಅಂಕದ ಪ್ರಶ್ನೆ

ವಿಶ್ವೇಶ್ವರಯ್ಯನವರ ಕೈಗಾರಿಕಾ ಸುಧಾರಣೆಗಳನ್ನು ವಿವರಿಸಿ.

ಮುಖ್ಯಾಂಶಗಳು:
1. ದಿವಾನಗಿರಿಯ ಅವಧಿ, ಅರಸರು ನಾಲ್ವಡಿ ಕೃಷ್ಣರಾಜ ಒಡೆಯರು, ಕೈಗಾರಿಕೆಯ ಬಗ್ಗೆ ದಿವಾನರ ನಿಲುವು
2. ಶ್ರೀಗಂಧದ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳು
3. ಭದ್ರಾವತಿಯ ಕಬ್ಬಿಣದ ಕಾರ್ಖಾನೆ
4. ಬಂಡವಾಳ ಮತ್ತು ವ್ಯಾಪಾರ: ಮೈಸೂರು ಬ್ಯಾಂಕ್ (1913), ವಾಣಿಜ್ಯ ಮಂಡಳಿ (1916)
5. ಪರಿಣಾಮ

ಇಂಥ ಪ್ರಶ್ನೆಗೆ ಹದಿನೈದು ಇಪ್ಪತ್ತು ವಾಕ್ಯ ಬರೆಯಬೇಕು. ಅಷ್ಟು ವಾಕ್ಯ ಎಲ್ಲಿಂದ ಬರಬೇಕು ಎಂಬುದೇ ಮಕ್ಕಳ ಕಷ್ಟ. ಕಾರ್ಖಾನೆಗಳ ಹೆಸರು ನಾಲ್ಕೇ ಸಾಲಿಗೆ ಮುಗಿಯುತ್ತದೆ. ಉಳಿದ ಸಾಲುಗಳು ಬರಬೇಕಾದದ್ದು ‘ಯಾಕೆ’ ಎಂಬುದರಿಂದ.

ಎರಡನೆಯ ಅಂಶವನ್ನೇ ನೋಡಿ. ‘1916ರಲ್ಲಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಸ್ಥಾಪಿಸಿದರು’ ಎಂದಷ್ಟೇ ಬರೆದರೆ ಒಂದು ವಾಕ್ಯ. ಅದರ ಹಿಂದಿನ ಕಥೆ ಹೀಗಿದೆ: ಮೈಸೂರಿನ ಗಂಧದ ಮರ ಅಲ್ಲಿಯವರೆಗೆ ಕೊರಡಾಗಿಯೇ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಆ ಮಾರುಕಟ್ಟೆ ಮುಚ್ಚಿತು. ಕೊಳ್ಳುವವರಿಲ್ಲದೆ ಗಂಧ ಉಳಿಯಿತು, ಸಂಸ್ಥಾನದ ಆದಾಯಕ್ಕೆ ಪೆಟ್ಟು ಬಿತ್ತು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ ಎಣ್ಣೆಯನ್ನು ಇಲ್ಲೇ ಭಟ್ಟಿ ಇಳಿಸುವ ಏರ್ಪಾಡಾಯಿತು. ಬೆಂಗಳೂರಿನ ನಂತರ ಮೈಸೂರಿನಲ್ಲೂ ಕಾರ್ಖಾನೆ ಬಂತು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸೋಪ್ ಹುಟ್ಟಿತು. ಒಂದೇ ಅಂಶ ಈಗ ಆರೇಳು ವಾಕ್ಯವಾಯಿತು, ಒಂದೂ ಪೊಳ್ಳಲ್ಲ. ಕಚ್ಚಾವಸ್ತು ನಮ್ಮದಾದರೆ ಕಾರ್ಖಾನೆಯೂ ನಮ್ಮದಾಗಬೇಕು ಎಂಬ ದಿವಾನರ ನಿಲುವಿಗೆ ಉದಾಹರಣೆಯೂ ಸಿಕ್ಕಿತು.

ಈ ಉತ್ತರದಲ್ಲಿ ಕನ್ನಂಬಾಡಿ ಕಟ್ಟೆಗೆ ಜಾಗವಿಲ್ಲ, ಮುದ್ದೇನಹಳ್ಳಿಯ ಬಾಲ್ಯಕ್ಕೂ ಇಲ್ಲ. ಕೇಳಿದ್ದು ಕೈಗಾರಿಕೆ. ಗೊತ್ತಿರುವುದನ್ನೆಲ್ಲ ಸುರಿದರೆ ಪುಟ ತುಂಬುತ್ತದೆಯೇ ಹೊರತು ಅಂಕ ಬರುವುದಿಲ್ಲ.

ಹತ್ತು ಅಂಕದ ಪ್ರಶ್ನೆ

‘ಸರ್ ಎಂ. ವಿಶ್ವೇಶ್ವರಯ್ಯನವರು ಆಧುನಿಕ ಮೈಸೂರಿನ ನಿರ್ಮಾಪಕರು.’ ಚರ್ಚಿಸಿ.

ಮುಖ್ಯಾಂಶಗಳು:
1. ಪೀಠಿಕೆ: ಮುಖ್ಯ ಇಂಜಿನಿಯರ್ ಆಗಿ 1909ರಲ್ಲಿ ಮೈಸೂರಿಗೆ, 1912ರಲ್ಲಿ ದಿವಾನರಾಗಿ
2. ಆಡಳಿತ: ಪ್ರಜಾಪ್ರತಿನಿಧಿ ಸಭೆ ಮತ್ತು ನ್ಯಾಯವಿಧಾಯಕ ಸಭೆಗಳ ಬೆಳವಣಿಗೆ
3. ನೀರಾವರಿ: ಕೃಷ್ಣರಾಜಸಾಗರ
4. ಕೈಗಾರಿಕೆ ಮತ್ತು ಬ್ಯಾಂಕಿಂಗ್
5. ಶಿಕ್ಷಣ ಮತ್ತು ಸಂಸ್ಕೃತಿ: 1913ರ ಪ್ರಾಥಮಿಕ ಶಿಕ್ಷಣದ ಕಾನೂನು, ವಿಶ್ವವಿದ್ಯಾಲಯ, ಕನ್ನಡ ಸಾಹಿತ್ಯ ಪರಿಷತ್ತು (1915)
6. ಮಿತಿಗಳು ಮತ್ತು ತೀರ್ಮಾನ

ಇಲ್ಲಿ ಮೂವತ್ತು ನಲವತ್ತು ವಾಕ್ಯ ಬೇಕು. ಐದು ಅಂಕದ ಉತ್ತರದಲ್ಲಿ ಅರ್ಧ ಪುಟ ತುಂಬಿದ್ದ ಗಂಧದೆಣ್ಣೆ ಇಲ್ಲಿ ಎರಡು ವಾಕ್ಯಕ್ಕೆ ಇಳಿಯಬೇಕು. ಇಲ್ಲದಿದ್ದರೆ ಕೈಗಾರಿಕೆಗೇ ಸಮಯ ಮುಗಿದು ಶಿಕ್ಷಣ ಒಂದು ಸಾಲಿಗೆ ಬರುತ್ತದೆ. ಪೀಠಿಕೆ ಮೂರ್ನಾಲ್ಕು ವಾಕ್ಯ, ನಡುವಿನ ನಾಲ್ಕು ಅಂಶಗಳಿಗೆ ಆರಾರು, ಕೊನೆಗೆ ಏಳೆಂಟು ಎಂದು ಮೊದಲೇ ಹಂಚಿಕೊಂಡರೆ ಉತ್ತರ ವಾಲುವುದಿಲ್ಲ.

ದಿನಾಂಕಗಳ ಗೋಜಲು ಹೆಚ್ಚಾಗಿ ಕಾಣುವುದು ಈ ಉತ್ತರದಲ್ಲೇ. ಕೃಷ್ಣರಾಜಸಾಗರದ ಕೆಲಸ ಶುರುವಾದದ್ದು 1911ರಲ್ಲಿ, ಅವರು ದಿವಾನರಾಗುವ ಮೊದಲೇ. ಮದರಾಸು ಸರ್ಕಾರದೊಂದಿಗಿನ ಕಾವೇರಿ ವ್ಯಾಜ್ಯಕ್ಕೆ 1924ರಲ್ಲಿ ಒಪ್ಪಂದವಾಯಿತು. ಅಣೆಕಟ್ಟು ಪೂರ್ಣವಾದದ್ದು 1930ರ ದಶಕದ ಆರಂಭದಲ್ಲಿ. ಭದ್ರಾವತಿಯದ್ದೂ ಹೀಗೆಯೇ: ಯೋಜನೆ ಅವರ ಕಾಲದ್ದು, ಕಬ್ಬಿಣ ಹೊರಬಂದದ್ದು 1923ರಲ್ಲಿ. ಶಿವನಸಮುದ್ರದ ವಿದ್ಯುತ್ತಂತೂ ಅವರದಲ್ಲವೇ ಅಲ್ಲ. ಅದು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿಯಿತು, ಅದರ ಶ್ರೇಯಸ್ಸು ದಿವಾನ್ ಶೇಷಾದ್ರಿ ಅಯ್ಯರ್ ಅವರದು. ಮುಖ್ಯಾಂಶಗಳ ಪಟ್ಟಿಯಲ್ಲಿ ಇಸವಿ ಮಾತ್ರ ಇದ್ದರೆ ಸಾಲದು. ಅದರ ಪಕ್ಕದಲ್ಲಿ ‘ಆರಂಭ’ವೋ ‘ಪೂರ್ಣ’ವೋ ಎಂದೂ ಬರೆದಿರಬೇಕು.

ಪ್ರಶ್ನೆ ‘ಚರ್ಚಿಸಿ’ ಎಂದಾಗ ಆರನೆಯ ಅಂಶವೇ ಉತ್ತರದ ತೂಕ. ಬಹುತೇಕ ಪ್ರಶ್ನೆಕೋಶಗಳಲ್ಲಿ ಇದು ‘ಹೀಗೆ ಅವರು ಆಧುನಿಕ ಮೈಸೂರಿನ ನಿರ್ಮಾಪಕರು’ ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದು ಪ್ರಶ್ನೆಯನ್ನೇ ಮತ್ತೆ ಬರೆದಂತೆ. ನಿಜವಾದ ಚರ್ಚೆಗೆ ಎರಡು ಸಂಗತಿಗಳಿವೆ. ಮೊದಲನೆಯದು, ಅವರಿಗೆ ಹಿಂದೆಯೂ ಮುಂದೆಯೂ ಕಟ್ಟಿದವರಿದ್ದರು. ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾಯಿತು. 1926ರ ನಂತರ ಮಿರ್ಜಾ ಇಸ್ಮಾಯಿಲ್ ಕೈಗಾರಿಕೆಯನ್ನು ಮತ್ತಷ್ಟು ಬೆಳೆಸಿದರು. ಎರಡನೆಯದು, ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡುವ ಪ್ರಶ್ನೆ. ಅದನ್ನು ಪರಿಶೀಲಿಸಲು ಅರಸರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯ ಮಾನದಂಡ ಸಡಿಲವಾಗಬಾರದೆಂಬ ನಿಲುವಿನ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ, ಅದೇ ವರ್ಷ ದಿವಾನಗಿರಿ ಬಿಟ್ಟರು. ಮೈಸೂರು ಆಧುನಿಕವಾದದ್ದು ಕಾರ್ಖಾನೆಗಳಿಂದ ಮಾತ್ರವಲ್ಲ, ಈ ಸಾಮಾಜಿಕ ನ್ಯಾಯದ ಹೆಜ್ಜೆಯಿಂದಲೂ ಹೌದು. ಆ ಹೆಜ್ಜೆಯಿಟ್ಟವರು ನಾಲ್ವಡಿಯವರು. ಇಷ್ಟನ್ನು ಬರೆದ ಮೇಲೆ ‘ಆರ್ಥಿಕ ಮತ್ತು ಶೈಕ್ಷಣಿಕ ತಳಪಾಯದ ಮಟ್ಟಿಗೆ ಈ ಬಿರುದು ಸಲ್ಲುತ್ತದೆ’ ಎಂದರೆ ಅದು ವಿದ್ಯಾರ್ಥಿ ಸ್ವತಃ ಮುಟ್ಟಿದ ತೀರ್ಮಾನವಾಗುತ್ತದೆ. ಆತನ ಮೇಲಿನ ಗೌರವ ಇದರಿಂದ ಕಡಿಮೆಯಾಗುವುದಿಲ್ಲ, ಉತ್ತರದ ಬೆಲೆ ಹೆಚ್ಚುತ್ತದೆ.

ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಒಂದು ಕೆಲಸ ಮಾಡಿಸಿ. ಪ್ರಶ್ನೆಕೋಶದ ಮುಖ್ಯಾಂಶಗಳನ್ನು ಮುಚ್ಚಿ, ಪ್ರಶ್ನೆ ಮಾತ್ರ ನೋಡಿ, ಐದು ನಿಮಿಷದಲ್ಲಿ ತಮ್ಮದೇ ಪಟ್ಟಿ ಬರೆಯಲಿ. ನಂತರ ಅಚ್ಚಾದ ಪಟ್ಟಿಯೊಂದಿಗೆ ಹೋಲಿಸಲಿ, ಪ್ರತಿ ಇಸವಿಯನ್ನೂ ಪಠ್ಯಪುಸ್ತಕದಲ್ಲಿ ತಾಳೆ ನೋಡಲಿ. ಹಾಗೆ ತಾವೇ ಕಟ್ಟಿದ ಹತ್ತು ಪಟ್ಟಿಗಳು ಬಾಯಿಪಾಠ ಮಾಡಿದ ನೂರಕ್ಕಿಂತ ಪರೀಕ್ಷೆಯಲ್ಲಿ ಹೆಚ್ಚು ಕೈಹಿಡಿಯುತ್ತವೆ.